ಎಂಟು ತಿಂಗಳ ನಾಯಿ ಕರೆದರೂ ಬರದಿದ್ದಾಗ: ಒಂದು ಮಾತು, ಒಂದು ಹಗ್ಗ, ಇಡೀ ಮನೆಯ ಒಂದೇ ರೂಢಿ

ನಾಲ್ಕು ತಿಂಗಳಿದ್ದಾಗ ಹೆಸರು ಕರೆದ ಕೂಡಲೇ ಓಡಿ ಬಂದು ಕಾಲಿಗೆ ಸುತ್ತಿಕೊಳ್ಳುತ್ತಿದ್ದ ಮರಿ, ಎಂಟನೇ ತಿಂಗಳಲ್ಲಿ ಒಮ್ಮೆ ನಿಮ್ಮತ್ತ ತಿರುಗಿ ನೋಡಿ ಮತ್ತೆ ಗಟಾರದ ಅಂಚು ಮೂಸುತ್ತ ಮುಂದೆ ಹೋಗುತ್ತದೆ. ಕೇಳಿಸಿದೆ. ಕಿವಿ ಅಲುಗಿದ್ದು ನಿಮಗೂ ಕಂಡಿದೆ. ಆದರೂ ಬರಲಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ನಾಯಿ ಸಾಕಿದವರು ನನ್ನ ಹತ್ತಿರ ಜಾಸ್ತಿ ಕೇಳುವುದು ಇದನ್ನೇ. "ಎಲ್ಲಾ ಕಲಿಸಿದ್ವಿರೀ, ಈಗ ಒಂದೂ ಕೇಳವಲ್ದು."

ಇಲ್ಲಿ ನಾನು ಕೂರುವುದು, ನಿಲ್ಲುವುದು, ಕೈ ಕೊಡುವುದು ಇವೆಲ್ಲ ಬಿಟ್ಟು ಕರೆದಾಗ ಬರುವುದೊಂದನ್ನೇ ಹಿಡಿದು ಹೇಳುತ್ತೇನೆ. ಯಾಕೆಂದರೆ ಕೂರದ ನಾಯಿಯಿಂದ ಸ್ವಲ್ಪ ಬೇಜಾರಾಗುತ್ತದೆ ಅಷ್ಟೇ, ಆದರೆ ಕರೆದರೆ ಬರದ ನಾಯಿ ಒಂದು ದಿನ ಚಿಗರಿ ಬಸ್ಸಿನ ರಸ್ತೆಗೋ ಬೈಪಾಸಿಗೋ ನುಗ್ಗುತ್ತದೆ. ಇದೊಂದು ಸರಿಯಾದರೆ ಉಳಿದವುಗಳನ್ನೂ ಇದೇ ದಾರಿಯಲ್ಲಿ ಸರಿಮಾಡಬಹುದು.

ಈ ವಯಸ್ಸಿನಲ್ಲಿ ಏನಾಗುತ್ತದೆ

ಗಂಡುನಾಯಿ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳೊಳಗೆ ಪ್ರಾಯಕ್ಕೆ ಬರುತ್ತದೆ. ಹೆಣ್ಣು ಆರನೇ ತಿಂಗಳಿಂದ ಮುಂದೆ ಯಾವಾಗ ಬೇಕಾದರೂ ಮೊದಲ ಸಲ ಬೆದೆಗೆ ಬರಬಹುದು. ಸಣ್ಣ ಜಾತಿಗಳು ಬೇಗ, ದೊಡ್ಡವು ತಡ. ಈ ಹೊತ್ತಿಗೆ ಹೊರಗಿನ ವಾಸನೆ, ಬೇರೆ ನಾಯಿಗಳು, ಓಡುವ ಹಂದಿ, ಕೋಳಿ, ಎಲ್ಲದರ ಸೆಳೆತವೂ ಮೊದಲಿಗಿಂತ ಜೋರಾಗುತ್ತದೆ. ಮರಿಯಾಗಿದ್ದಾಗ ನಿಮ್ಮಿಂದ ದೂರ ಹೋಗಲು ಅದಕ್ಕೇ ಹೆದರಿಕೆ ಇತ್ತು. ಅಂದರೆ ಆಗ ಅದು ಬರುತ್ತಿದ್ದದ್ದರಲ್ಲಿ ನಿಮ್ಮ ತರಬೇತಿ ಅರ್ಧ, ಅದರ ಪುಕ್ಕಲುತನ ಅರ್ಧ. ಈಗ ಪುಕ್ಕಲುತನ ಹೋಗಿದೆ, ತರಬೇತಿ ಎಷ್ಟು ಗಟ್ಟಿ ಇತ್ತೋ ಅಷ್ಟು ಮಾತ್ರ ಉಳಿದಿದೆ.

2020ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಜೊತೆಗಾರರು ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಕುರುಡರಿಗೆ ದಾರಿ ತೋರಿಸುವ ಕೆಲಸಕ್ಕೆ ಬೆಳೆಸುತ್ತಿದ್ದ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮತ್ತು ಅವುಗಳ ಮಿಶ್ರ ಮರಿಗಳನ್ನು ಐದನೇ ತಿಂಗಳಲ್ಲೊಮ್ಮೆ, ಎಂಟನೇ ತಿಂಗಳಲ್ಲೊಮ್ಮೆ ನೋಡಿದರು. ಎಂಟನೇ ತಿಂಗಳಲ್ಲಿ ಸಾಕಿದವರು ಕೂರು ಅಂದಾಗ ಅವು ಕೇಳುವುದು ಕಡಿಮೆಯಾಗಿತ್ತು. ಅಪರಿಚಿತರು ಅದನ್ನೇ ಹೇಳಿದಾಗ ಮಾತ್ರ ಹಾಗೆ ಕಡಿಮೆಯಾಗಲಿಲ್ಲ. ನಮ್ಮ ಮನೆಗಳಲ್ಲೂ ಇದನ್ನು ನೋಡಿದ್ದೇವೆ, ಅಲ್ವಾ? ಮನೆಗೆ ಬಂದ ಮಾಮಾ "ಕುಂದ್ರು" ಅಂದರೆ ತಟ್ಟನೆ ಕೂರುತ್ತದೆ, ದಿನಾ ಊಟ ಹಾಕುವ ಅವ್ವ ಹೇಳಿದರೆ ಗೋಡೆ ನೋಡುತ್ತದೆ. ಹಾಗಾಗಿ ಇದನ್ನು ನಿಮ್ಮ ಮೇಲಿನ ಅಸಡ್ಡೆ ಅಂದುಕೊಳ್ಳಬೇಡಿ. ಅದೇ ಅಧ್ಯಯನದಲ್ಲಿ ಒಂದು ವರ್ಷದ ಹೊತ್ತಿಗೆ ನಾಯಿಗಳು ಒಟ್ಟಾರೆ ಮತ್ತೆ ಸುಧಾರಿಸಿದ್ದವು. ಆದರೆ ಮಧ್ಯದ ಈ ತಿಂಗಳುಗಳಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದು ಉಳಿದುಬಿಡುತ್ತದೆ. ಈ ವಯಸ್ಸಲ್ಲಿ ಹೊಡೆಸಿಕೊಂಡ ನಾಯಿ ಆಮೇಲೆ ಪ್ರಾಯ ಕಳೆದರೂ ಹೊಡೆತ ಮರೆಯುವುದಿಲ್ಲ.

ಮೊದಲು ಮೈ ನೋಡಿ

ತರಬೇತಿಗೆ ಕೈ ಹಾಕುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ನಾಯಿ ಬೇರೆ ಕೋಣೆಯಲ್ಲಿದ್ದಾಗ, ಅದಕ್ಕೆ ಕಾಣದ ಹಾಗೆ, ಊಟದ ತಾಟನ್ನು ನೆಲಕ್ಕೆ ತಾಗಿಸಿ ಸಪ್ಪಳ ಮಾಡಿ. ಓಡಿ ಬಂದರೆ ಕಿವಿ, ಹಸಿವು, ಕಾಲು ಎಲ್ಲ ಬಹುಮಟ್ಟಿಗೆ ಸರಿ ಇವೆ. ಇದಕ್ಕೂ ಬರದಿದ್ದರೆ, ಅಥವಾ ಎದ್ದು ಕುಂಟುತ್ತ ಬಂದರೆ, ಅದು ಪ್ರಾಯದ ಹಟ ಅಲ್ಲ, ಡಾಕ್ಟರ ಹತ್ತಿರ ಹೋಗುವ ಕೆಲಸ.

ಬೇಗ ಬೆಳೆಯುವ ದೊಡ್ಡ ನಾಯಿಗಳಿಗೆ ಈ ವಯಸ್ಸಿನಲ್ಲಿ ಕಾಲಿನ ಉದ್ದ ಮೂಳೆಗಳಲ್ಲಿ ನೋವು ಬರುವುದುಂಟು. ಈ ವಾರ ಮುಂಗಾಲು, ಮುಂದಿನ ವಾರ ಹಿಂಗಾಲು, ಹೀಗೆ ಕುಂಟು ಜಾಗ ಬದಲಿಸುತ್ತದೆ. ಮಳೆಗಾಲದಲ್ಲಿ ಕಿವಿ ಸೋಂಕು ಸಾಮಾನ್ಯ. ತಲೆ ಕೊಡವುವುದು, ಕಿವಿಯಿಂದ ವಾಸನೆ, ಇಷ್ಟು ಕಂಡರೆ ಸಾಕು. ಉಣ್ಣಿಯಿಂದ ಬರುವ ಜ್ವರವಂತೂ ನಮ್ಮ ಕಡೆ ಬಹಳ. ನಾಯಿ ಮಂಕಾಗಿದ್ದು, ಊಟ ಬಿಟ್ಟು, ಒಸಡು ಬಿಳಿಚಿಕೊಂಡಿದ್ದರೆ ಅವತ್ತೇ ತೋರಿಸಿ. ಊರಿನ ಪಶು ಆಸ್ಪತ್ರೆ ಇದೆ, ಗದಗ ಕಡೆಯವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜೂ ಇದೆ. ನೋಯುವ ನಾಯಿಗೆ ಕಲಿಸಲು ಹೊರಟರೆ ಅದು ಕಲಿಯುವುದು ಒಂದೇ: ಇವರು ಕರೆದಾಗ ನೋವಾಗುತ್ತದೆ.

ಕರೆದ ಮೇಲೆ ಏನಾಗುತ್ತದೆ, ಬರೆಯಿರಿ

ಇನ್ನು ಮುಂದೆ ಒಂದೇ ಮನೆಯ ಉದಾಹರಣೆ ಹಿಡಿದು ಹೇಳುತ್ತೇನೆ. ಧಾರವಾಡದ ಸಪ್ತಾಪುರ ಕಡೆಯ ಮನೆ. ಅಪ್ಪ, ಅವ್ವ, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನ ಮಗ, ಅಜ್ಜ. ನಾಯಿಯ ಹೆಸರು ಶೇರು. ಎಂಟು ತಿಂಗಳ ಗಂಡು, ಮುಧೋಳ ನಾಯಿಯ ಮಿಶ್ರತಳಿ. ಉದ್ದ ಕಾಲು, ತೆಳು ಹೊಟ್ಟೆ, ದೂರದಲ್ಲಿ ಏನಾದರೂ ಓಡಿದರೆ ಮೈಯೆಲ್ಲ ಬಿಗಿ. ಬೆಳಿಗ್ಗೆ ಕೆಸಿಡಿ ಮೈದಾನದಲ್ಲಿ ಬಿಟ್ಟರೆ ಬೀದಿನಾಯಿಗಳ ಹಿಂದೆ ಹೋಗಿಬಿಡುತ್ತಿದ್ದ, ಅರ್ಧ ತಾಸು ಇಡೀ ಮನೆ ಅವನ ಬೆನ್ನು ಹತ್ತುತ್ತಿತ್ತು.

ಮೊದಲ ಕೆಲಸವಾಗಿ ಒಂದು ವಾರ ನಾಯಿಯನ್ನು ಬಿಟ್ಟು ಮನೆಮಂದಿಯನ್ನೇ ನೋಡಿ ಅಂದೆ. ಒಂದು ಹಾಳೆ, ಎರಡು ಸಾಲು. ಎಡಕ್ಕೆ ಯಾರು, ಯಾವ ಮಾತಲ್ಲಿ ಕರೆದರು. ಬಲಕ್ಕೆ ಕರೆದ ಮೇಲೆ ಶೇರುಗೆ ಏನಾಯಿತು. ಮಗಳು ಚೊಕ್ಕಾಗಿ ಬರೆದಳು. ಅಜ್ಜ "ಬಾರಲೇ" ಅನ್ನುತ್ತಿದ್ದರು. ಅವ್ವ "ಶೇರೂ, ಇಲ್ಲಿ ಬಾ". ಮಗಳು "ಕಮ್, ಕಮ್, ಕಮ್". ಹುಡುಗ ಸಿಳ್ಳೆ ಹೊಡೆಯುತ್ತಿದ್ದ. ಅಪ್ಪ ಬರೀ ಹೆಸರು ಕೂಗುತ್ತಿದ್ದರು, ಒಂದಕ್ಕಿಂತ ಒಂದು ಜೋರಾಗಿ.

ಬಲಗಡೆ ಸಾಲು ಇನ್ನೂ ಮುಖ್ಯ. ಹಾಲಿನವರು ಬಂದಾಗ ಕರೆದು ಸರಪಳಿ ಹಾಕುವುದು. ಕರೆದು ಸ್ನಾನ. ಕರೆದು ಉಣ್ಣಿ ತೆಗೆಯುವುದು. ಮೈದಾನದಲ್ಲಿ ಕರೆದು ಮನೆಗೆ ಎಳೆದುಕೊಂಡು ಹೋಗುವುದು. ಚಪ್ಪಲಿ ಕಚ್ಚಿದ್ದಕ್ಕೆ ಕರೆದು ಬೈಯುವುದು. ಊಟಕ್ಕೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ, ಯಾಕೆಂದರೆ ಊಟದ ಹೊತ್ತಿಗೆ ಅವನು ಮೊದಲೇ ಅಲ್ಲಿ ನಿಂತಿರುತ್ತಿದ್ದ.

ಹೇಳಿ, ಬಂದರೆ ಆಟ ನಿಲ್ಲುತ್ತದೆ, ಬರದಿದ್ದರೆ ಆಟ ಮುಂದುವರಿಯುತ್ತದೆ, ಹೀಗಿರುವಾಗ ಯಾವ ನಾಯಿ ಬರುತ್ತದೆ? ಶೇರು ಏನನ್ನೂ ಮರೆತಿರಲಿಲ್ಲ. ಮನೆಯವರು ದಿನಾ ಕಲಿಸಿದ್ದನ್ನು ಸರಿಯಾಗಿಯೇ ಕಲಿತಿದ್ದ. ಈ ಹಾಳೆಯನ್ನು ನಿಮ್ಮ ಮನೆಯಲ್ಲೂ ಬರೆಯಿರಿ, ಬಿಡಬೇಡಿ. ಸಮಸ್ಯೆಯ ಮುಕ್ಕಾಲು ಪಾಲು ಇದರಲ್ಲೇ ಕಾಣುತ್ತದೆ.

ಹೊಸ ಮಾತು ಕಟ್ಟುವುದು

ಹೀಗೆ ಕೆಟ್ಟುಹೋದ ಕರೆಯನ್ನು ರಿಪೇರಿ ಮಾಡುವುದಕ್ಕಿಂತ ಹೊಸ ಮಾತು ಕಲಿಸುವುದು ಸುಲಭ. ಆ ಮಾತು ಚಿಕ್ಕದಿರಬೇಕು, ದೂರಕ್ಕೆ ಕೂಗಲು ಬರಬೇಕು, ಮನೆಯಲ್ಲಿ ದಿನಾ ಸುಮ್ನೆ ಬಾಯಿಗೆ ಬರುವಂಥದ್ದಾಗಿರಬಾರದು. "ಬಾ" ಅನ್ನುವುದು ಈ ಕಾರಣಕ್ಕೇ ಕಷ್ಟ, ದಿನಕ್ಕೆ ನೂರು ಸಲ ಯಾರಿಗಾದರೂ ಹೇಳುತ್ತಲೇ ಇರುತ್ತೇವೆ. ಶೇರು ಮನೆಯಲ್ಲಿ "ಬುತ್ತಿ" ಅಂತ ಆರಿಸಿದರು. ಅಲ್ಲಿ ಎಲ್ಲರೂ ಡಬ್ಬಿ ಅನ್ನುವವರೇ, ಹಾಗಾಗಿ ಬುತ್ತಿ ಖಾಲಿ ಇತ್ತು.

ಮೊದಲ ಮೂರು ನಾಲ್ಕು ದಿನ ನಾಯಿಯಿಂದ ಏನೂ ಕೇಳಬೇಡಿ. ಮನೆಯೊಳಗೆ, ನಾಯಿ ನಿಮ್ಮ ಪಕ್ಕದಲ್ಲೇ ಇದ್ದಾಗ, "ಬುತ್ತಿ" ಅನ್ನಿ. ಅಂದ ಮೇಲೆ, ಒಂದು ಸೆಕೆಂಡಿನೊಳಗೆ, ಬಾಯಿಗೆ ಒಂದು ತುಣುಕು ತಿನಿಸು. ಮಾತು ಮೊದಲು, ಕೈ ಜೇಬಿಗೆ ಹೋಗುವುದು ಆಮೇಲೆ. ಇದನ್ನು ಉಲ್ಟಾ ಮಾಡಿದರೆ ನಾಯಿ ಜೇಬನ್ನು ನೋಡಲು ಕಲಿಯುತ್ತದೆ, ಮಾತನ್ನು ಅಲ್ಲ. ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ಎರಡು ಸಲ ಸಾಕು. ಬೇರೆ ಕೋಣೆಯಿಂದ ಒಮ್ಮೆ ಅಂದು ನೋಡಿ. ಉಗುರಿನ ಸಪ್ಪಳ ಮಾಡುತ್ತ ಓಡಿ ಬಂದರೆ ಮಾತು ಕೂತಿದೆ.

ತಿನಿಸು ಏನು ಅನ್ನುವುದರಲ್ಲಿ ಜಿಪುಣತನ ಬೇಡ. ದಿನಾ ತಾಟಿನಲ್ಲಿ ಸಿಗುವುದನ್ನೇ ಕೊಟ್ಟರೆ ಬೀದಿನಾಯಿಯ ವಾಸನೆಯ ಮುಂದೆ ಅದು ನಿಲ್ಲುವುದಿಲ್ಲ. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿಮಾಂಸ ಎಲ್ಲಕ್ಕಿಂತ ಮೇಲು. ಬೇಯಿಸಿದ ತತ್ತಿಯೂ ಆಗುತ್ತದೆ. ಸಸ್ಯಾಹಾರಿ ಮನೆಯಾದರೆ ಪನೀರ್. ಬಟಾಣಿ ಕಾಳಿನಷ್ಟು ತುಣುಕು ಮಾಡಿ, ಅದಕ್ಕಿಂತ ದೊಡ್ಡದು ಬೇಡ. ದಿನದ ಒಟ್ಟು ಆಹಾರದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಇದು ಹೆಚ್ಚಾಗಬಾರದು, ಅಷ್ಟು ಊಟದಲ್ಲಿ ಕಡಿಮೆ ಮಾಡಿ. ಪೇಢೆ ಕೊಡಬೇಡಿ, ಬರೀ ಸಕ್ಕರೆ. ಗಿರಮಿಟ್ಟು, ಚುರುಮುರಿ ಚೆಲ್ಲಿದ್ದನ್ನು ಹಾಕುವವರಿದ್ದಾರೆ, ಅದರಲ್ಲಿ ಉಳ್ಳಾಗಡ್ಡಿ ಇರುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಹಾಳುಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ.

ಇದರ ಜೊತೆಗೇ ಇನ್ನೊಂದು ಕಲಿಸಿ. ಈ ವಯಸ್ಸಿನ ನಾಯಿಗಳು ಮೂರು ಅಡಿ ದೂರದವರೆಗೆ ಬಂದು, ನೀವು ಕೈ ಚಾಚಿದ ಕೂಡಲೇ ಪಕ್ಕಕ್ಕೆ ಜಿಗಿದು ಆಟ ಶುರು ಮಾಡುತ್ತವೆ. ಕೈ ಕಂಡರೆ ಸರಪಳಿ ಅಂತ ಗೊತ್ತು ಅವಕ್ಕೆ. ಅದಕ್ಕೇ ಮನೆಯೊಳಗೆ ಕೊರಳಪಟ್ಟಿ ಮುಟ್ಟಿ, ಮುಟ್ಟಿದ ಕೈ ಅಲ್ಲೇ ಇರುವಾಗ ತಿನಿಸು ಕೊಟ್ಟು, ಬಿಟ್ಟುಬಿಡಿ. ಮುಟ್ಟುವುದು, ಕೊಡುವುದು, ಬಿಡುವುದು. ದಿನಕ್ಕೆ ಹತ್ತಾರು ಸಲ, ಹೋಗುತ್ತ ಬರುತ್ತ. ಕೈ ಚಾಚಿದರೆ ಅದೇ ಕೊರಳು ಮುಂದೆ ತರುವ ತನಕ.

ಹಗ್ಗ

ಮಾತು ಮನೆಯಲ್ಲಿ ಕೂತ ಮೇಲೆ ಹೊರಗೆ ಹೋಗಬಹುದು, ಆದರೆ ಬರಿಗೈಯಲ್ಲಿ ಅಲ್ಲ. ಇಲ್ಲಿಂದ ಮುಂದೆ ನಾಯಿ ಹೊರಗಿರುವಷ್ಟು ಹೊತ್ತು ಉದ್ದ ಹಗ್ಗದಲ್ಲಿರಬೇಕು. ಅಂಗಳಕ್ಕೆ ಐದು ಮೀಟರ್ ಸಾಕು, ಮೈದಾನಕ್ಕೆ ಹತ್ತು ಮೀಟರ್. ಅಂಗಡಿಯ ರೆಡಿಮೇಡ್ ಬೆಲ್ಟೇ ಬೇಕು ಅಂತಿಲ್ಲ. ದನಕ್ಕೆ ಹಗ್ಗ ಮಾರುವವರ ಹತ್ತಿರ ಕಿರುಬೆರಳು ದಪ್ಪದ ನೂಲಿನ ಹಗ್ಗ ಸಿಗುತ್ತದೆ, ಒಂದು ತುದಿಗೆ ಗಟ್ಟಿ ಕೊಂಡಿ ಹಾಕಿಸಿ. ನೈಲಾನ್ ತೆಳು ಹಗ್ಗ ಬೇಡ, ನಾಯಿ ಓಡಿದರೆ ಅಂಗೈ ಸುಟ್ಟು ಗಾಯವಾಗುತ್ತದೆ. ಕೈಗೆ ಸುತ್ತಿಕೊಳ್ಳಲೇಬೇಡಿ, ಬೆರಳು ಮುರಿಯುತ್ತದೆ. ಇನ್ನೊಂದು ತುದಿಯಲ್ಲಿ ಗಂಟು, ಕುಣಿಕೆ ಇರಬಾರದು, ಕಲ್ಲು ಪೊದೆಗಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಹಗ್ಗವನ್ನು ಕೊರಳಪಟ್ಟಿಗೆ ಕಟ್ಟಬೇಡಿ. ಎದೆಗೆ ಹಾಕುವ ಹಾರ್ನೆಸ್ ತಂದು ಅದರ ಬೆನ್ನಿನ ಉಂಗುರಕ್ಕೆ ಕಟ್ಟಿ. ಶೇರುವಿನಂಥ ಓಟದ ನಾಯಿ ಹತ್ತು ಮೀಟರ್ ಓಡಿ ಒಮ್ಮೆಲೇ ತಡೆದರೆ ಆ ಪೆಟ್ಟು ಪೂರಾ ಕುತ್ತಿಗೆಗೆ ಬೀಳುತ್ತದೆ. ಅದಕ್ಕೇ ಹಗ್ಗ ಪೂರ್ತಿ ಬಿಡಬೇಡಿ, ಐದಾರು ಅಡಿ ಕೈಯಲ್ಲಿ ಉಳಿಸಿಕೊಳ್ಳಿ, ಓಡಲು ಶುರುಮಾಡಿದಾಗ ನಿಧಾನ ಬಿಗಿ ಮಾಡುತ್ತ ನೀವೂ ಎರಡು ಹೆಜ್ಜೆ ಹೋಗಿ.

ಹಗ್ಗ ಇರುವುದು ಎಳೆದು ತರಲಿಕ್ಕಲ್ಲ. ಕರೆ ಮೀರಿ ಓಡಿ ಮಜಾ ಮಾಡುವ ಅವಕಾಶ ಸಿಗದಿರಲಿ ಅಂತ. ಒಂದು ಸಲ ಕರೆಗೆ ಬೆನ್ನು ಹಾಕಿ ಹಂದಿ ಓಡಿಸಿದ ಸುಖ, ನೀವು ಒಂದು ವಾರ ಕೊಟ್ಟ ಕೋಳಿ ತುಣುಕುಗಳನ್ನು ಅಳಿಸಿಹಾಕುತ್ತದೆ.

ಒಮ್ಮೆ ಮಾತ್ರ ಕರೆಯುವುದು

ಇಲ್ಲಿ ನಿಧಾನ ಓದಿ, ಎಲ್ಲರೂ ಎಡವುವುದು ಇಲ್ಲೇ.

ನಾಯಿ ಹಗ್ಗದಲ್ಲಿದೆ, ಮೂಸುತ್ತಿದೆ. ನೀವು "ಬುತ್ತಿ" ಅಂದಿರಿ, ಒಂದೇ ಸಲ, ಸಾಮಾನ್ಯ ದನಿಯಲ್ಲಿ. ತಿರುಗಿ ಬಂತು ಅನ್ನಿ. ಆಗ ಒಂದು ತುಣುಕು ಕೊಟ್ಟು ಮುಗಿಸಬೇಡಿ. ಒಂದಾದ ಮೇಲೊಂದು ನಾಲ್ಕೈದು ತುಣುಕು ಕೊಡಿ, ಬಾಯಿ ತುಂಬ ಹೊಗಳಿ, ಪಟ್ಟಿ ಮುಟ್ಟಿ, "ಹೋಗು" ಅಂತ ಹೇಳಿ ಮತ್ತೆ ಅದೇ ಜಾಗ ಮೂಸಲು ಬಿಡಿ. ಈ "ಹೋಗು" ತಿನಿಸಿನಷ್ಟೇ ದೊಡ್ಡ ಬಹುಮಾನ. ಬಂದರೆ ಆಟ ಮುಗಿಯುವುದಿಲ್ಲ, ತಿನಿಸೂ ಸಿಗುತ್ತದೆ ಆಟವೂ ಸಿಗುತ್ತದೆ ಅನ್ನುವುದು ಅದಕ್ಕೆ ಅರ್ಥವಾಗಬೇಕು. ಮೈದಾನದಲ್ಲಿ ಹತ್ತು ಸಲ ಕರೆದರೆ ಒಂಬತ್ತು ಸಲ ವಾಪಸ್ ಬಿಡಬೇಕು. ಮನೆಗೆ ಹೋಗುವಾಗ ಕರೆಯುವುದೇ ಬೇಡ, ನೀವೇ ಹಗ್ಗ ಹಿಡಿದು ಹತ್ತಿರ ಹೋಗಿ ಕರೆದುಕೊಂಡು ಬನ್ನಿ.

ಬರಲಿಲ್ಲ ಅನ್ನಿ. ಮೂರು ಸೆಕೆಂಡು ಕಾಯಿರಿ. ಮತ್ತೆ ಕರೆಯಬೇಡಿ. ಬಾಯಿ ಬಿಗಿ ಹಿಡಿಯುವುದು ಕಷ್ಟ, ಗೊತ್ತು, ಆದರೆ ಎರಡನೇ ಸಲ ಕರೆದರೆ ಮೊದಲನೆಯದಕ್ಕೆ ಬೆಲೆ ಇಲ್ಲ ಅಂತ ನೀವೇ ಹೇಳಿಕೊಟ್ಟಂತೆ. ಐದನೇ ಸಲಕ್ಕೆ ಬರುವ ನಾಯಿಗಳು ಐದನೇ ಸಲಕ್ಕೇ ಬರಲು ಕಲಿತಿರುತ್ತವೆ. ಸುಮ್ಮನೆ ಹಗ್ಗವನ್ನು ಮಡಚಿ ಹಿಡಿಯುತ್ತ ನಾಯಿಯ ಹತ್ತಿರ ನಡೆಯಿರಿ. ಬೈಗುಳ ಬೇಡ, ಎಳೆತ ಬೇಡ. ಮೂಗಿನ ಮುಂದೆ ತಿನಿಸು ಹಿಡಿದು ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ, ಹಿಂಬಾಲಿಸಿದರೆ ಒಂದೇ ಒಂದು ತುಣುಕು ಕೊಡಿ. ಆಮೇಲೆ ಆ ಸೆಳೆತದಿಂದ ಇನ್ನೂ ಸ್ವಲ್ಪ ದೂರ ಹೋಗಿ, ಅಲ್ಲಿ ಒಂದು ಸುಲಭದ ಕರೆ ಮಾಡಿ ಗೆಲ್ಲಿಸಿ.

ಇದರಿಂದ ಹುಟ್ಟುವ ನಿಯಮ ಒಂದಿದೆ, ನನ್ನ ಪ್ರಕಾರ ಸ್ಥಿರತೆ ಅಂದರೆ ಪೂರ್ತಿ ಇದೇ: ಬರುತ್ತದೆ ಅಂತ ನಿಮಗೇ ನಂಬಿಕೆ ಇಲ್ಲದಿದ್ದರೆ, ಕೈಯಲ್ಲಿ ಹಗ್ಗವೂ ಇಲ್ಲದಿದ್ದರೆ, ಆ ಮಾತು ಆಡಬೇಡಿ. ನಾಯಿ ಹೇಗೋ ಗೇಟು ದಾಟಿ ಓಡಿದೆ, ಎದುರಿಗೆ ಬೀದಿನಾಯಿಗಳ ಗುಂಪು ಇದೆ. ಆಗ "ಬುತ್ತಿ" ಅಂತ ಹತ್ತು ಸಲ ಕೂಗಿ ಹಾಳುಮಾಡುವ ಬದಲು ಚಪ್ಪಾಳೆ ತಟ್ಟಿ ವಿರುದ್ಧ ದಿಕ್ಕಿಗೆ ನೀವೇ ಓಡಿ, ತಾಟು ಬಡಿಯಿರಿ, ಸ್ಕೂಟರ್ ಚಾಲೂ ಮಾಡಿ, ಅದಕ್ಕೆ ಏನು ಇಷ್ಟವೋ ಅದು. ನಾಯಿಯ ಬೆನ್ನು ಹತ್ತಿದರೆ ಮಾತ್ರ ಅದು ಆಟ ಅಂದುಕೊಂಡು ಇನ್ನೂ ಓಡುತ್ತದೆ. ಕೊನೆಗೆ ಬಂದಾಗ, ಎಷ್ಟೇ ತಡವಾಗಿ ಬಂದರೂ, ಕೈ ಎತ್ತಬೇಡಿ. ಓಡಿಹೋದದ್ದಕ್ಕೆ ಹೊಡೆದೆ ಅಂತ ನೀವು ಅಂದುಕೊಳ್ಳುತ್ತೀರಿ. ನಾಯಿಯ ಲೆಕ್ಕದಲ್ಲಿ ಹೊಡೆತ ಬಿದ್ದದ್ದು ಬಂದದ್ದಕ್ಕೆ.

ಎಷ್ಟು ಬೇಗ ಮುಂದೆ ಹೋಗಬೇಕು

ಮನೆಯೊಳಗೆ, ಅಂಗಳ, ಬೆಳಗಿನ ಖಾಲಿ ಓಣಿ, ಮೈದಾನದ ಅಂಚು, ಮೈದಾನದ ಒಳಗೆ. ಈ ಕ್ರಮ. ಒಂದು ಜಾಗದಲ್ಲಿ ಹತ್ತು ಕರೆಗೆ ಎಂಟು ಸಲ ತಟ್ಟನೆ ಬಂದರೆ ಮುಂದಿನ ಜಾಗಕ್ಕೆ ಹೋಗಿ. ಐದಕ್ಕಿಂತ ಕಡಿಮೆಯಾದರೆ ಹಿಂದಿನದಕ್ಕೆ ಇಳಿಯಿರಿ. ಮಧ್ಯೆ ಇದ್ದರೆ ಅಲ್ಲೇ ಇರಿ.

ಶೇರು ಅಂಗಳ ಮತ್ತು ಓಣಿಯನ್ನು ಬೇಗ ದಾಟಿದ. ಮೈದಾನದಲ್ಲಿ ಮೊದಲ ದಿನ ಹತ್ತಕ್ಕೆ ಮೂರು. ಮನೆಯವರಿಗೆ ಬೇಸರವಾಯಿತು, "ಎಲ್ಲಾ ನೀರಾಗ ಹೋತ್ರಿ" ಅಂದರು ಅವ್ವ. ನೋಡಿದರೆ ಅವರು ನಡುಮಧ್ಯದಲ್ಲಿ ನಿಂತಿದ್ದರು, ಇಪ್ಪತ್ತು ಹೆಜ್ಜೆ ದೂರದಲ್ಲಿ ಮೂರು ಬೀದಿನಾಯಿಗಳು. ಅವನು ತಿನಿಸನ್ನೇ ಮೂಸುತ್ತಿರಲಿಲ್ಲ. ಇದನ್ನು ಗುರುತು ಇಟ್ಟುಕೊಳ್ಳಿ: ಬೇಯಿಸಿದ ಕೋಳಿ ಮೂಗಿನ ಮುಂದೆ ಇದ್ದರೂ ತಿನ್ನದ ನಾಯಿ ಆ ಹೊತ್ತಿಗೆ ಏನನ್ನೂ ಕಲಿಯುವ ಸ್ಥಿತಿಯಲ್ಲಿಲ್ಲ. ದೂರ ಹೋಗಬೇಕು ಅಷ್ಟೇ. ರಸ್ತೆಯ ಕಡೆಯ ಅಂಚಿಗೆ, ನಾಯಿಗಳು ಕಾಣುತ್ತವೆ ಆದರೆ ಚಿಕ್ಕದಾಗಿ ಕಾಣುತ್ತವೆ ಅನ್ನುವಷ್ಟು ದೂರಕ್ಕೆ ಬಂದ ಮೇಲೆ ತಿಂದ, ತಿರುಗಿದ, ಎಂಟು ಸಲ ಬಂದ. ಅಲ್ಲಿಂದ ದಿನಕ್ಕೆ ನಾಲ್ಕೈದು ಹೆಜ್ಜೆ ಒಳಗೆ. ಅವನ ಕಣ್ಣು ಓಡುವುದನ್ನು ಬಹಳ ದೂರದಿಂದ ಹಿಡಿಯುತ್ತದೆ, ಹಾಗಾಗಿ ಕರೆಯಬೇಕಾದ ಗಳಿಗೆಯೂ ಬೇಗ ಬರುತ್ತದೆ. ಕಿವಿ ನೆಟ್ಟಗಾಗಿ ಬಾಲ ನಿಶ್ಚಲವಾದರೆ ಮುಂದಿನ ಸೆಕೆಂಡಿಗೆ ಓಟ. ಓಟ ಶುರುವಾದ ಮೇಲೆ ಕರೆಯುವುದು ವ್ಯರ್ಥ, ಅದಕ್ಕೂ ಮೊದಲು, ತಲೆ ಎತ್ತಿ ನೋಡಿದ ಗಳಿಗೆಯಲ್ಲೇ ಕರೆಯಬೇಕು.

ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ಏಪ್ರಿಲ್, ಮೇ ತಿಂಗಳಾದರೆ ಬೆಳಿಗ್ಗೆ ಏಳರೊಳಗೆ ಮುಗಿಸಿ, ಡಾಂಬರು ಕಾದ ಮೇಲೆ ಪಾದ ಸುಡುತ್ತದೆ.

ಮನೆಮಂದಿ

ಎಲ್ಲರೂ ತರಬೇತಿ ಕೊಡಬೇಕು ಅಂತ ಹೊರಟರೆ ಆಗುವುದಿಲ್ಲ. ಶೇರು ಮನೆಯಲ್ಲಿ ಅಜ್ಜ ಮೊದಲ ದಿನವೇ ಹೇಳಿಬಿಟ್ಟರು, "ನನಗ ನಿಮ್ಮ ಬುತ್ತಿ-ಗಿತ್ತಿ ನೆನಪ ಇರೂದಿಲ್ಲವ್ವಾ. ನಾ ಬಾರಲೇ ಅಂತನ ಕರಿಯಾಂವ."

"ಕರೀರಿ ಅಜ್ಜಾರ, ಏನೂ ತೊಂದ್ರಿ ಇಲ್ಲ. ಬುತ್ತಿ ಅನ್ನೂದೊಂದು ಬಿಡ್ರಿ ಸಾಕು."

ಅಜ್ಜನಿಗೆ ಇದು ಸರಿ ಅನಿಸಿತು. ಹಳೆ ಮಾತುಗಳೆಲ್ಲ ಮನೆಯಲ್ಲಿ ಹಾಗೇ ಓಡಾಡಿಕೊಂಡಿರಲಿ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಸ ಮಾತು ಮಾತ್ರ ಮಗಳು ಮತ್ತು ಅಪ್ಪ ಇಬ್ಬರ ಬಾಯಲ್ಲಿ. ಮನೆಯ ಎಲ್ಲರೂ ಒಂದೇ ರೀತಿ ಕಲಿಸುವುದು ಬೇಕಿಲ್ಲ, ಕಲಿಸದವರು ಆ ಮಾತನ್ನು ಮುಟ್ಟದಿದ್ದರೆ ಸಾಕು. ಇದು ಎಷ್ಟೋ ಮನೆಗಳಲ್ಲಿ ಜಗಳ ಉಳಿಸಿದೆ.

ಫ್ರಿಜ್ಜಿನ ಮೇಲೆ ಮೂರು ಸಾಲು ಅಂಟಿಸಿದ್ದರು. ಜೇಬಲ್ಲಿ ತಿನಿಸು ಇಲ್ಲದೆ ಬುತ್ತಿ ಅನ್ನಬಾರದು. ಎರಡನೇ ಸಲ ಅನ್ನಬಾರದು. ಸ್ನಾನ, ಸರಪಳಿ, ಔಷಧಿ, ಬೈಗುಳ ಇವಕ್ಕೆ ಕರೆಯಬಾರದು, ಎದ್ದು ಹೋಗಿ ಕರೆತರಬೇಕು. ಮೂರನೆಯದಕ್ಕೆ ಹುಡುಗ ಒಂದು ವಾರ ಗೊಣಗಿದ. ಆಮೇಲೆ ನಾಯಿ ಅವನನ್ನು ಕಂಡರೆ ಮಂಚದ ಕೆಳಗೆ ಹೋಗುವುದು ನಿಂತಿತು, ಅವನೂ ಗೊಣಗುವುದು ಬಿಟ್ಟ.

ಮತ್ತೆ ಕೆಡುವ ವಾರಗಳು

ಸುಧಾರಣೆ ನೇರ ಮೇಲಕ್ಕೆ ಹೋಗುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಬೀದಿ ಹೆಣ್ಣುನಾಯಿಗಳು ಬೆದೆಗೆ ಬರುವುದು ಹೆಚ್ಚು. ಓಣಿಯಲ್ಲಿ ಒಂದು ಬಂದರೆ ನಿಮ್ಮ ಗಂಡುನಾಯಿ ಊಟ ಬಿಡುತ್ತದೆ, ರಾತ್ರಿಯೆಲ್ಲ ಗೇಟಿನ ಹತ್ತಿರ ಕುಂಯ್‌ಗುಟ್ಟುತ್ತದೆ. ಶೇರುಗೂ ಹಾಗೇ ಆಯಿತು. ಬೆದೆ ಸುಮಾರು ಮೂರು ವಾರ ಇರುತ್ತದೆ. ಅಷ್ಟು ದಿನ ಮೈದಾನದ ಪಾಠ ನಿಲ್ಲಿಸಿ, ಮನೆಯೊಳಗಿನದ್ದು ಮಾತ್ರ ನಡೆಸಿ, ಓಡಾಟಕ್ಕೆ ಗಿಡ್ಡ ಬೆಲ್ಟಿನಲ್ಲಿ ಬೇರೆ ಓಣಿಗೆ ಹೋಗಿ. ಪಾಠ ನಿಂತರೆ ಮರೆಯುವುದಿಲ್ಲ, ಸೋಲಿನ ಕರೆಗಳಿಂದ ಮಾತ್ರ ಮರೆಯುತ್ತದೆ. ನಿಮ್ಮದೇ ಹೆಣ್ಣುನಾಯಿಗೆ ಬೆದೆ ಬಂದರೆ ಹಗ್ಗವಿದ್ದರೂ ಮೈದಾನ ಬೇಡ.

ಆಪರೇಷನ್ ಮಾಡಿಸಿದರೆ ಸರಿಹೋಗುತ್ತದಾ ಅಂತ ಕೇಳುತ್ತಾರೆ. ಹೆಣ್ಣಿನ ಬೆನ್ನು ಹತ್ತಿ ಅಲೆಯುವುದು ಕಡಿಮೆಯಾಗಬಹುದು. ಕರೆದಾಗ ಬರುವುದನ್ನು ಆಪರೇಷನ್ ಕಲಿಸುವುದಿಲ್ಲ. ದೊಡ್ಡ ತಳಿಗಳಿಗೆ ಮೂಳೆ ಬೆಳೆದು ಮುಗಿಯುವವರೆಗೆ ಕಾಯಲು ಡಾಕ್ಟರು ಹೇಳಬಹುದು, ಅವರನ್ನೇ ಕೇಳಿ ನಿರ್ಧರಿಸಿ.

ಇನ್ನೊಂದು, ಈ ವಯಸ್ಸಲ್ಲಿ ಎಷ್ಟೋ ನಾಯಿಗಳು ನಿನ್ನೆವರೆಗೆ ಗೊತ್ತಿದ್ದ ವಸ್ತುವಿಗೇ ಬೆದರುತ್ತವೆ. ಒಣಹಾಕಿದ ಕೌದಿ, ಕಸದ ಗಾಡಿ, ಟೊಪ್ಪಿಗೆ ಹಾಕಿದ ಮನುಷ್ಯ. ಹೆದರಿದ ಕಾರಣಕ್ಕೆ ಬಾರದಿದ್ದರೆ ಅದನ್ನು ಹಟ ಅನ್ನಬೇಡಿ. ಬಾಲ ಕೆಳಗೆ, ಮೈ ತಗ್ಗಿ, ಬಾಯಿ ಮುಚ್ಚಿ ನಿಂತಿದ್ದರೆ ಹೆದರಿಕೆ. ಅಲ್ಲಿಂದ ದೂರ ಕರೆದೊಯ್ಯಿರಿ, ಆ ದಿನ ಪಾಠ ಮುಗಿಯಿತು. ದೀಪಾವಳಿಯ ಪಟಾಕಿ ದಿನಗಳಲ್ಲಿ ಹಗ್ಗ, ಹಾರ್ನೆಸ್ ಇದ್ದರೂ ಬಯಲಿಗೆ ಬಿಡಬೇಡಿ. ಇನ್ನು ಹತ್ತಿರ ಹೋದರೆ ಗುರ್ ಅನ್ನುವುದು, ಕಚ್ಚಲು ಬರುವುದು ಶುರುವಾಗಿದ್ದರೆ ಈ ಲೇಖನದ ಕ್ರಮ ಸಾಲದು, ಡಾಕ್ಟರಿಗೆ ತೋರಿಸಿ, ಹೊಡೆಯದೆ ಕಲಿಸುವ ತರಬೇತುದಾರರನ್ನು ಹುಡುಕಿ.

ಹಗ್ಗ ಯಾವಾಗ ತೆಗೆಯಬೇಕು

ನೀವು ಅಂದುಕೊಂಡಿದ್ದಕ್ಕಿಂತ ತಡವಾಗಿ. ಒಂದು ವರ್ಷಕ್ಕೆ ಬದಲಾವಣೆ ಕಾಣುತ್ತದೆ, ಆದರೆ ದೊಡ್ಡ ನಾಯಿಗಳ ಮನಸ್ಸು ನಿಲುಗಡೆಗೆ ಬರಲು ಒಂದೂವರೆ, ಎರಡು ವರ್ಷ ಬೇಕು. ಮೈದಾನದ ಒಳಗೆ, ಬೇರೆ ನಾಯಿಗಳು ಕಾಣುವಾಗ, ಮೂರು ನಾಲ್ಕು ವಾರ ಸತತವಾಗಿ ಹತ್ತಕ್ಕೆ ಒಂಬತ್ತು ಬರುತ್ತಿದ್ದರೆ ಹಗ್ಗದ ತುದಿಯನ್ನು ಕೈಯಿಂದ ಬಿಟ್ಟು ನೆಲದಲ್ಲಿ ಎಳೆದುಕೊಂಡು ಹೋಗಲು ಬಿಡಿ, ಬೇಕಾದರೆ ಕಾಲಿಟ್ಟು ನಿಲ್ಲಿಸಬಹುದು. ಅದೂ ಗಟ್ಟಿಯಾದ ಮೇಲೆ ಹತ್ತು ಮೀಟರ್ ಹಗ್ಗವನ್ನು ಐದಕ್ಕೆ ಕತ್ತರಿಸಿ, ಆಮೇಲೆ ಒಂದು ಮೀಟರಿಗೆ. ಒಮ್ಮೆಲೇ ತೆಗೆದರೆ ಹಗುರಾದದ್ದು ನಾಯಿಗೆ ತಕ್ಷಣ ಗೊತ್ತಾಗುತ್ತದೆ.

ತಿನಿಸನ್ನು ಕೂಡ ನಿಲ್ಲಿಸಬೇಡಿ. ಕೂರುವುದಕ್ಕೆ, ಕೈ ಕೊಡುವುದಕ್ಕೆ ಕಡಿಮೆ ಮಾಡುತ್ತ ಬರಬಹುದು. ಕರೆದಾಗ ಬಂದದ್ದಕ್ಕೆ ಮಾತ್ರ ಜೀವನಪೂರ್ತಿ ಏನಾದರೂ ಕೊಡಿ, ಕೆಲವೊಮ್ಮೆ ಒಂದು ತುಣುಕು, ಕೆಲವೊಮ್ಮೆ ಮುಷ್ಟಿ ತುಂಬ.

ಶೇರು ಈಗ ಮೈದಾನದಲ್ಲಿ ಐದು ಮೀಟರ್ ಹಗ್ಗ ಎಳೆದುಕೊಂಡು ಓಡಾಡುತ್ತಾನೆ, ಮಗಳು ಕರೆದರೆ ನಾಯಿಗಳ ನಡುವಿಂದಲೂ ಬರುತ್ತಾನೆ, ಅಪ್ಪ ಕರೆದರೆ ಸ್ವಲ್ಪ ನಿಧಾನ. ಆದರೆ ಕುರಿ, ಕೋಳಿ ಇರುವ ಕಡೆ, ರಸ್ತೆ ಹತ್ತಿರದ ಕಡೆ ಅವನನ್ನು ಪೂರ್ತಿ ಬಿಡಬೇಡಿ ಅಂತ ನಾನು ಮನೆಯವರಿಗೆ ಹೇಳಿದ್ದೇನೆ, ಎರಡು ವರ್ಷ ತುಂಬಿದ ಮೇಲೂ ಅಷ್ಟೇ. ಮುಧೋಳದ ರಕ್ತ ಇರುವ ನಾಯಿ ಓಡುವುದನ್ನು ಕಂಡರೆ ಓಡುತ್ತದೆ, ಅದನ್ನು ಯಾವ ಮಾತೂ ಪ್ರತಿ ಸಲ ತಡೆಯುವುದಿಲ್ಲ. ಸುತ್ತ ಗೋಡೆ ಇರುವ ಜಾಗ ಸಿಕ್ಕರೆ ಅಲ್ಲಿ ಹಗ್ಗ ಬಿಚ್ಚಿ ಓಡಿಸಿ.